ಹಲಗೆಗಿಂತ ಮೇಲೆ ಹೋದ ಚೆಂಡು

"ಪಿಯು ಮಕ್ಕಳಿಗೆ ದೈಹಿಕ ಶಿಕ್ಷಣದ ಥಿಯರಿ ಹೇಳಿಕೊಡುತ್ತೇನೆ. ಹಾಕಿ ನಿಯಮ ಬಾಯಿಪಾಠ, ಬಯೋಮೆಕ್ಯಾನಿಕ್ಸ್ ಕೂಡ ಬಾಯಿಪಾಠ. ಎರಡನ್ನೂ ಸೇರಿಸಿ ಪ್ರಶ್ನೆ ಕೊಟ್ಟರೂ ಉತ್ತರ ಎರಡು ತುಂಡಾಗಿಯೇ ಬರುತ್ತದೆ. ಏನು ಮಾಡಲಿ?"
– ಒಬ್ಬ ಉಪನ್ಯಾಸಕಿ, ಪೊನ್ನಂಪೇಟೆ

ಮೇಡಂ, ತಪ್ಪು ಮಕ್ಕಳದ್ದಲ್ಲ, ಪ್ರಶ್ನೆಯದ್ದು. "ಪೆನಾಲ್ಟಿ ಕಾರ್ನರ್ ನಿಯಮ ಬರೆಯಿರಿ, ಡ್ರ್ಯಾಗ್ ಫ್ಲಿಕ್‌ನಲ್ಲಿ ದೇಹದ ಚಲನೆ ವಿವರಿಸಿ" ಅಂದರೆ ಅದು ಎರಡು ಪ್ರಶ್ನೆ ತಾನೇ? ಒಂದು ಪರೀಕ್ಷೆ ಮಾಡಿ ನೋಡಿ. ನಿಯಮದ ಸಾಲನ್ನು ಬೆರಳಿನಿಂದ ಮುಚ್ಚಿ. ಉಳಿದ ಭಾಗಕ್ಕೆ ಆಗಲೂ ಪೂರ್ತಿ ಉತ್ತರ ಬರೆಯಬಹುದಾದರೆ, ಅವು ಸೇರಿಲ್ಲ.

ನಿಮ್ಮ ಮಕ್ಕಳು ಗೋಲಿನ ಹಲಗೆಗೆ ಚೆಂಡು ಬಡಿಯುವ ಸದ್ದು ಕೇಳಿಯೇ ಬೆಳೆದವರು. ಅಲ್ಲಿಂದಲೇ ಶುರು ಮಾಡಿ. ಆ ಹಲಗೆಯ ಎತ್ತರ 460 ಮಿ.ಮೀ. ಪೆನಾಲ್ಟಿ ಕಾರ್ನರ್‌ನ ಮೊದಲ ಹೊಡೆತ ಹಿಟ್ ಆಗಿದ್ದರೆ, ಗೋಲ್ ಗೆರೆ ದಾಟುವಾಗ ಚೆಂಡು ಅದಕ್ಕಿಂತ ಮೇಲಿರಬಾರದು. ಫ್ಲಿಕ್‌ಗೆ ಆ ಮಿತಿ ಇಲ್ಲ, ಅಪಾಯಕಾರಿ ಆಗದಿದ್ದರೆ ಸಾಕು. ಈಗ ಪ್ರಶ್ನೆ ಹೀಗಿರಲಿ:

"ಪೆನಾಲ್ಟಿ ಕಾರ್ನರ್‌ನ ಮೊದಲ ಹೊಡೆತದಲ್ಲೇ ಗೋಲಿನ ಮೇಲ್ಮೂಲೆಗೆ ಚೆಂಡು ಹಾಕಬೇಕು. ಆಟಗಾರ್ತಿ ಹಿಟ್ ಮಾಡಬೇಕೇ, ಡ್ರ್ಯಾಗ್ ಫ್ಲಿಕ್ ಮಾಡಬೇಕೇ? 160 ಗ್ರಾಂ ಚೆಂಡು ನಿಂತಲ್ಲಿಂದ ಸೆಕೆಂಡಿಗೆ 25 ಮೀಟರ್ ವೇಗ ಪಡೆಯಲಿ. ಹಿಟ್‌ನಲ್ಲಿ ಸ್ಟಿಕ್ ಚೆಂಡಿಗೆ ತಗುಲಿರುವುದು 0.004 ಸೆಕೆಂಡ್, ಫ್ಲಿಕ್‌ನಲ್ಲಿ 0.1 ಸೆಕೆಂಡ್ ಅಂದುಕೊಳ್ಳಿ. ಅವಳು ಆರಿಸಿದ ಹೊಡೆತದಲ್ಲಿ ಬೇಕಾಗುವ ಸರಾಸರಿ ಬಲ ಎಷ್ಟು? ಆ ಹೊಡೆತ ಸಾಧ್ಯವಾಗಲು ದೇಹ ಏನು ಮಾಡಬೇಕು?"

ನಿಯಮ ಗೊತ್ತಿಲ್ಲದ ಮಗು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಗೊತ್ತಿದ್ದರೆ ಫ್ಲಿಕ್ ಆರಿಸುತ್ತದೆ. ಚೆಂಡಿಗೆ ಬೇಕಾದ ಇಂಪಲ್ಸ್ 0.16 × 25, ಅಂದರೆ 4. ಅದನ್ನು 0.1ರಿಂದ ಭಾಗಿಸಿದರೆ 40 ನ್ಯೂಟನ್. ಹಿಟ್ ಆಗಿದ್ದರೆ 1000. ಬಲ ಇಷ್ಟು ಕಡಿಮೆಯಾದರೂ ಅದೇ ವೇಗ ಬರುವುದು, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡು ಜಾಸ್ತಿ ಹೊತ್ತು ಸಾಗುವುದರಿಂದ. ಆ ಹೊತ್ತು ಸುಮ್ನೆ ಸಿಗುವುದಿಲ್ಲ. ಮುಂಗಾಲು ದೂರ ಊರಬೇಕು, ಸೊಂಟ ಮೊದಲು ತಿರುಗಬೇಕು, ಆಮೇಲೆ ಎದೆ, ಭುಜ, ಕೊನೆಗೆ ಮಣಿಕಟ್ಟು. ಎಲ್ಲ ಒಟ್ಟಿಗೇ ತಿರುಗಿದರೆ ಚೆಂಡು ಬೇಗ ಕೈಬಿಟ್ಟು ಹೋಗುತ್ತದೆ. ಈ ಕೊನೆಯ ಮಾತು ಬರೆದ ಮಗುವಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ.

ಎರಡು ಕಡೆ ಎಚ್ಚರ ಬೇಕು. ಇಂಥದೇ ಪ್ರಶ್ನೆಯಲ್ಲಿ ಒಮ್ಮೆ ನಾನು "ಹಿಟ್ ಮಾಡಿದ ಚೆಂಡು 600 ಮಿ.ಮೀ. ಏರಿತು, ಗೋಲ್ ಆಯಿತೇ?" ಎಂದು ಬರೆದಿದ್ದೆ. ಅಂಪೈರ್ ಆಗಿದ್ದ ಗೆಳೆಯರು, "ಎಲ್ಲಿ ಏರಿತು?" ಅಂದರು. ದಾರಿಯಲ್ಲಿ ಏರಿ, ಯಾರನ್ನೂ ಅಪಾಯಕ್ಕೆ ತಳ್ಳದೆ, ಗೆರೆ ಹತ್ತಿರ ತಾನಾಗಿ ಇಳಿದರೆ ಗೋಲೇ. ಹಾಗಾಗಿ ಅಳತೆ ಎಲ್ಲಿಯದು ಎಂದು ಪ್ರಶ್ನೆಯಲ್ಲೇ ಬರೆಯಿರಿ. ಇನ್ನೊಂದು, "ಈ ನಿಯಮ ಯಾಕೆ ಬಂತು?" ಎಂದು ಕೇಳಬೇಡಿ. ಮಕ್ಕಳು ಊಹೆ ಬರೆಯುತ್ತಾರೆ, "ಫ್ಲಿಕ್ ನಿಧಾನ, ಅದಕ್ಕೇ ಬಿಟ್ಟಿದ್ದಾರೆ" ಅಂತ. ಅದಕ್ಕೆ ಅಂಕ ಕೊಡುವುದು ಹೇಗೆ? ನಿಯಮ ಇದ್ದ ಮೇಲೆ ಆಟಗಾರ್ತಿಯ ಮೈ ಹೇಗೆ ಬದಲಾಗಬೇಕು, ಅಷ್ಟನ್ನೇ ಕೇಳಿ.