ಹೊಸ ಸಮವಸ್ತ್ರದ ಬಣ್ಣ ಬಿಳಿ ಅಂಗಿಗೆ ಹತ್ತಿದಾಗ

ಪ್ರಶ್ನೆ: ಮಗಳ ಹೊಸ ಕಡುನೀಲಿ ಸ್ಕರ್ಟನ್ನು ಗೊತ್ತಿಲ್ಲದೆ ಮೂರು ಬಿಳಿ ಅಂಗಿಗಳ ಜೊತೆ ಮಷಿನ್‌ಗೆ ಹಾಕಿಬಿಟ್ಟೆ. ಅಂಗಿಗಳೆಲ್ಲ ನೀಲಿ ನೀಲಿ ಆಗಿವೆ. ಉಪ್ಪು, ವಿನೆಗರ್ ಹಾಕಿ ನೆನೆಸಿಡಿ ಎನ್ನುತ್ತಾರೆ. ಅಂಗಿ ಉಳಿಯುತ್ತದೆಯೆ? ಸ್ಕರ್ಟ್ ಮತ್ತೆ ಬಣ್ಣ ಬಿಡದಂತೆ ಏನು ಮಾಡಬೇಕು?

ಉತ್ತರ: ಅಂಗಿಗಳು ಇನ್ನೂ ಒದ್ದೆಯಾಗಿದ್ದರೆ ಅವನ್ನು ಒಣಗಲು ಬಿಡಬೇಡಿ, ಒಣಗಿದ್ದರೆ ಯಾವ ಕಾರಣಕ್ಕೂ ಇಸ್ತ್ರಿ ಹಾಕಬೇಡಿ. ಉಪ್ಪನ್ನೂ ವಿನೆಗರನ್ನೂ ಸದ್ಯಕ್ಕೆ ಅಡುಗೆಮನೆಯಲ್ಲೇ ಇರಿಸಿ. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಪರೀಕ್ಷಾ ಕೊಠಡಿಯಲ್ಲಿ ಹಲವು ವರ್ಷ ಕೆಲಸ ಮಾಡಿದವಳು. ಹಾಗಿದ್ದೂ ನನ್ನ ಮನೆಯಲ್ಲೇ ಮಗನ ಮರೂನ್ ಚಡ್ಡಿ ಮೂರು ಬಿಳಿ ಅಂಗಿಗಳನ್ನು ಗುಲಾಬಿ ಮಾಡಿತ್ತು. ಆದ್ದರಿಂದ ಓದಿ ತಿಳಿದದ್ದನ್ನಷ್ಟೇ ಅಲ್ಲದೆ, ಮಾಡಿ ನೋಡಿದ್ದನ್ನೂ ಹೇಳುತ್ತಿದ್ದೇನೆ.

ಉಪ್ಪಿನ ವಿಷಯ ಮೊದಲು. ಹತ್ತಿಬಟ್ಟೆಗೆ ಬಣ್ಣ ಹಾಕುವಾಗ ಬಣ್ಣದ ನೀರಿಗೆ ಉಪ್ಪನ್ನು ಧಾರಾಳವಾಗಿ ಹಾಕುತ್ತಾರೆ, ಏಕೆಂದರೆ ಉಪ್ಪು ನೀರಿನಲ್ಲಿ ಕರಗಿರುವ ಬಣ್ಣವನ್ನು ನೂಲಿನ ಕಡೆಗೆ ತಳ್ಳುತ್ತದೆ. ಅಂದರೆ ಬಣ್ಣ ಹತ್ತಿದ ಬಿಳಿ ಅಂಗಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ, ಬಿಟ್ಟುಹೋಗಬೇಕಾದ ಬಣ್ಣಕ್ಕೆ ಅಲ್ಲೇ ಇರು ಎಂದು ಹೇಳಿದಂತಾಗುತ್ತದೆ. ಹೊಸ ಸ್ಕರ್ಟನ್ನು ಉಪ್ಪುನೀರಿನಲ್ಲಿಟ್ಟಾಗ ನೀರಿಗೆ ಬಣ್ಣ ಕಡಿಮೆ ಇಳಿದಂತೆ ಕಾಣುವುದೂ ಇದೇ ಕಾರಣಕ್ಕೆ. ಮುಂದಿನ ಸಲ ಬರಿಯ ನೀರಿಗೆ ಹಾಕಿದೊಡನೆ ಅದು ಮತ್ತೆ ಬಿಡುತ್ತದೆ. ಹುಳಿಯ ಸಹಾಯ ಬೇಕಾಗುವುದು ಉಣ್ಣೆ, ರೇಷ್ಮೆ, ನೈಲಾನುಗಳಿಗೆ ಹಾಕುವ ಕೆಲವು ಬಣ್ಣಗಳಿಗೆ. ಹತ್ತಿ ಅಥವಾ ವಿಸ್ಕೋಸ್ ಸೇರಿದ ಶಾಲಾ ಬಟ್ಟೆಯ ಬಣ್ಣವನ್ನು ವಿನೆಗರ್ ಹಿಡಿದು ನಿಲ್ಲಿಸುವುದಿಲ್ಲ.

ಸ್ಕರ್ಟ್ ಬಣ್ಣ ಬಿಡುವುದು ಏಕೆಂದರೆ, ಕಾರ್ಖಾನೆಯಲ್ಲಿ ಹಾಕಿದ ಬಣ್ಣವೆಲ್ಲ ನೂಲಿಗೆ ಕಟ್ಟಿಕೊಳ್ಳುವುದಿಲ್ಲ. ಒಂದಷ್ಟು ಪಾಲು ಸುಮ್ಮನೆ ನೂಲಿನ ಎಡೆಯಲ್ಲಿ ಕುಳಿತಿರುತ್ತದೆ, ಅದನ್ನು ಬಿಸಿನೀರು ಮತ್ತು ಸಾಬೂನಿನಲ್ಲಿ ಹಲವು ಸಲ ತೊಳೆದು ತೆಗೆಯಬೇಕು. ಕಡುನೀಲಿ, ಮರೂನ್, ಕಡುಹಸಿರುಗಳಲ್ಲಿ ಬಣ್ಣದ ಪ್ರಮಾಣವೇ ಹೆಚ್ಚಾದ್ದರಿಂದ ತೊಳೆಯುವ ಕೆಲಸವೂ ಹೆಚ್ಚು, ಮತ್ತು ನೀರು, ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಆ ತೊಳೆತಕ್ಕೇ. ನಿಮ್ಮ ಅಂಗಿಗೆ ಹತ್ತಿರುವುದು ಬಹುಮಟ್ಟಿಗೆ ಈ ಕಟ್ಟಿಕೊಳ್ಳದ ಬಣ್ಣವೇ, ಆದ್ದರಿಂದ ಅದು ಬಿಳಿ ನೂಲಿಗೂ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ. ಅಂಗಿ ಉಳಿಯಬಹುದು ಎಂದು ನಾನು ಹೇಳುವುದಕ್ಕೆ ಇದೇ ಆಧಾರ. ಒಂದು ಅಪವಾದವಿದೆ: ಪಾಲಿಯೆಸ್ಟರಿಗೆ ಹಾಕುವ ಬಣ್ಣದ ಸ್ವಭಾವ ಬೇರೆ, ಅದು ಬಿಸಿಗೆ ಪಾಲಿಯೆಸ್ಟರ್ ಎಳೆಯ ಒಳಕ್ಕೇ ಇಳಿಯುತ್ತದೆ. ಸ್ಕರ್ಟೂ ಅಂಗಿಯೂ ಪಾಲಿಯೆಸ್ಟರ್ ಮಿಶ್ರಣವಾಗಿದ್ದು, ಕಲೆಯ ಮೇಲೆ ಒಮ್ಮೆ ಇಸ್ತ್ರಿ ಹರಿದಾಡಿದ್ದರೆ ಆ ಕಲೆಯನ್ನು ಮನೆಯಲ್ಲಿ ಪೂರ್ತಿ ತೆಗೆಯುವ ಭರವಸೆಯನ್ನು ನಾನು ಕೊಡಲಾರೆ.

ಈಗ ನನ್ನ ಮನೆಯ ಪ್ರಸಂಗ. ಅಂಗಿಗಳ ಒಳಪಟ್ಟಿಯಲ್ಲಿ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ ಎಂದಿತ್ತು. ಅವು ಮಷಿನ್ನಿನಲ್ಲಿ ಒಂದು ಗಂಟೆ ಚಡ್ಡಿಯ ಜೊತೆ ಮುದ್ದೆಯಾಗಿ ಬಿದ್ದಿದ್ದವು. ಹಾಗಾಗಿ ಬಣ್ಣ ಎಲ್ಲೆಡೆ ಒಂದೇ ಸಮನೆ ಹತ್ತಿರಲಿಲ್ಲ. ಮೈಮೇಲೆಲ್ಲ ತಿಳಿಗುಲಾಬಿ, ಚಡ್ಡಿ ಒತ್ತಿಕೊಂಡಿದ್ದ ಮಡಿಕೆಗಳಲ್ಲಿ ಗಾಢವಾದ ಗೆರೆಗಳು. ಆ ಗೆರೆಗಳು ಒಗೆಯುವಾಗ ಮೂಡಿದವಲ್ಲ, ಒಗೆದಾದ ಮೇಲೆ ಒದ್ದೆ ಬಟ್ಟೆ ಒಂದರ ಮೇಲೊಂದು ಬಿದ್ದುಕೊಂಡಿದ್ದಾಗ ಮೂಡಿದವು. ಮಷಿನ್ ನಿಂತ ಕೂಡಲೇ ತೆಗೆದು ಹರವಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು.

ಮೊದಲು ಅಂಗಿಗಳನ್ನು ಮಾತ್ರ ಮತ್ತೊಮ್ಮೆ ಒಗೆದೆ. ಒಳಪಟ್ಟಿಯಲ್ಲಿ ಅನುಮತಿಸಿದಷ್ಟು ಬಿಸಿಯಾದ ನೀರು, ಎಂದಿನಷ್ಟು ಸಾಬೂನುಪುಡಿ, ಬೇರೇನೂ ಇಲ್ಲ. ಇದೊಂದರಿಂದಲೇ ಮೈಮೇಲಿನ ಗುಲಾಬಿ ಅರ್ಧಕ್ಕರ್ಧ ಇಳಿಯಿತು. ಹಲವರು ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಬ್ಲೀಚಿಗೆ ಕೈಹಾಕುತ್ತಾರೆ, ಅದು ಆತುರ.

ಎರಡನೆಯದು ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಬಿಳಿ ಹರಳುಪುಡಿ. ಕಲೆ ತೆಗೆಯುವ ಪುಡಿಗಳ ಡಬ್ಬಿಯ ಮೇಲೆ ಈ ಹೆಸರಿದೆಯೇ ಎಂದು ನೋಡಿಕೊಳ್ಳಿ. 5 ಲೀಟರ್ ನೀರಿಗೆ ಸುಮಾರು 50 ಗ್ರಾಂ, ಎಂದರೆ ದೊಡ್ಡ ಚಮಚದಲ್ಲಿ ಮೂರರಿಂದ ನಾಲ್ಕು, ಹಾಕಿದೆ. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ನೀರು 40ರಿಂದ 50 ಡಿಗ್ರಿ ಇರಬೇಕು, ಕೈಯಿಟ್ಟರೆ ಚೆನ್ನಾಗಿ ಬಿಸಿ ಎನಿಸಬೇಕು. ತಣ್ಣೀರಿನಲ್ಲಿ ಈ ಪುಡಿ ಬಹಳ ಮಂದ. ಪುಡಿ ಪೂರ್ತಿ ಕರಗಿದ ಮೇಲೆ ಅಂಗಿಗಳನ್ನು ಬಿಡಿಸಿ ಮುಳುಗಿಸಿದೆ, ಮೇಲೆ ತೇಲಿದ ಭಾಗದಲ್ಲಿ ಕಲೆ ಉಳಿಯುತ್ತದೆಂದು ಒಂದು ತಟ್ಟೆಯ ಭಾರವನ್ನೂ ಇಟ್ಟೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿರುವವರೆಗೆ ಅದು ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಐದಾರು ಗಂಟೆ ಕಳೆದು ಗುಳ್ಳೆ ನಿಂತು ನೀರು ತಣ್ಣಗಾದರೆ ಆ ನೀರಿನ ಆಯಸ್ಸು ಮುಗಿದಂತೆ. ಇನ್ನೊಂದು ದಿನ ಅದರಲ್ಲೇ ನೆನೆಸಿಟ್ಟು ಪ್ರಯೋಜನವಿಲ್ಲ, ಹೊಸದಾಗಿ ಕಲಸಬೇಕು. ಬಕೆಟ್ಟಿಗೆ ಬಿಗಿಯಾದ ಮುಚ್ಚಳ ಹಾಕಬೇಡಿ, ಉಳಿದ ನೀರನ್ನು ಬಾಟಲಿಯಲ್ಲಿ ತುಂಬಿಡಬೇಡಿ. ಒಳಗೆ ಆಮ್ಲಜನಕ ಹುಟ್ಟುತ್ತಲೇ ಇದ್ದು ಒತ್ತಡ ಏರುತ್ತದೆ.

ಮೊದಲ ರಾತ್ರಿಗೆ ಎರಡು ಅಂಗಿಗಳು ಬೆಳ್ಳಗಾದವು. ಮೂರನೆಯದರ ಬೆನ್ನಿನ ಮೇಲೆ ಮಡಿಕೆಯ ಗೆರೆ ಉಳಿಯಿತು. ಎರಡನೆಯ ಸಲ ನೆನೆಸಿದಾಗ ಅದು ಮಾಸಿ, ಬಲ್ಲವರಿಗೆ ಮಾತ್ರ ಕಾಣುವಂತಾಯಿತು. ಆಗ ನಾನು ಮುಂದಿನ ಔಷಧವನ್ನು ಯೋಚಿಸಿ ಕೈಬಿಟ್ಟೆ. ಕೈಬಿಟ್ಟ ಕಾರಣ ನಿಮಗೂ ಬೇಕಾಗಬಹುದು.

ಆ ಮುಂದಿನ ಔಷಧ ಸೋಡಿಯಂ ಹೈಡ್ರೋಸಲ್ಫೈಟ್. ಹತ್ತಿದ ಬಣ್ಣ ತೆಗೆಯಲೆಂದೇ ಮಾರುವ ಎಷ್ಟೋ ಪುಡಿಗಳಲ್ಲಿ ಇರುವುದು ಇದೇ. ಆಕ್ಸಿಜನ್ ಬ್ಲೀಚಿಗೆ ಜಗ್ಗದ ಬಣ್ಣವನ್ನೂ ಇದು ಬಿಸಿನೀರಿನಲ್ಲಿ ಬೇಗ ಕಳೆಯುತ್ತದೆ, ಆದರೆ ಬೇಕಾದ ಬಣ್ಣ ಯಾವುದು ಬೇಡದ ಬಣ್ಣ ಯಾವುದು ಎಂಬ ವಿವೇಕ ಅದಕ್ಕಿಲ್ಲ. ಶಾಲೆಯ ಅಂಗಿಯ ಜೇಬಿನ ಮೇಲೆ ಬಣ್ಣದ ದಾರದಲ್ಲಿ ಕಸೂತಿ ಮಾಡಿದ ಲಾಂಛನವೋ, ಕಾಲರಿನ ಅಂಚಿನಲ್ಲಿ ಬಣ್ಣದ ಪಟ್ಟಿಯೋ ಇದ್ದರೆ ಅದೂ ಕಲೆಯ ಜೊತೆಗೇ ಹೋಗಬಹುದು. ನಮ್ಮ ಅಂಗಿಗೆ ಲಾಂಛನವಿತ್ತು, ಮಾಸಿದ ಗೆರೆ ಚಡ್ಡಿಯೊಳಗೆ ಸಿಕ್ಕಿಸುವ ಭಾಗದಲ್ಲಿತ್ತು. ಲಾಂಛನ ಕಳೆದುಕೊಳ್ಳುವುದಕ್ಕಿಂತ ಗೆರೆಯೇ ಮೇಲು ಎನಿಸಿತು. ನಿಮ್ಮ ಅಂಗಿಗಳು ಬರೀ ಬಿಳಿಯಾಗಿದ್ದರೆ ಧೈರ್ಯವಾಗಿ ಬಳಸಿ. ಕಿಟಕಿ ತೆರೆದಿಡಿ, ಗಂಧಕದ ವಾಸನೆ ಕಟುವಾಗಿರುತ್ತದೆ, ಕೈಗವಸು ಹಾಕಿಕೊಳ್ಳಿ, ಅಲ್ಯೂಮಿನಿಯಂ ಪಾತ್ರೆ ಬೇಡ, ಲೋಹದ ಗುಂಡಿಯಿರುವ ಬಟ್ಟೆಯೂ ಬೇಡ. ಆಕ್ಸಿಜನ್ ಬ್ಲೀಚನ್ನು ಪೂರ್ತಿ ಜಾಲಿಸಿ ತೆಗೆದ ಮೇಲೆಯೇ ಇದಕ್ಕೆ ಹಾಕಿ, ಎರಡನ್ನೂ ಒಂದೇ ನೀರಿನಲ್ಲಿ ಎಂದೂ ಬೆರೆಸಬೇಡಿ.

ಘಾಟು ವಾಸನೆಯ ಕ್ಲೋರಿನ್ ಬ್ಲೀಚ್ ನನ್ನ ಮಟ್ಟಿಗೆ ಕೊನೆಯ ಆಯ್ಕೆ. ಅಪ್ಪಟ ಹತ್ತಿಗೆ, ನೀರು ಬೆರೆಸಿ, ಸ್ವಲ್ಪ ಹೊತ್ತು ಮಾತ್ರ. ಸುಕ್ಕು ಬೀಳದಂತೆ ಸಂಸ್ಕರಿಸಿದ ಬಟ್ಟೆಯನ್ನೂ ಹಿಗ್ಗುವ ಎಳೆಯಿರುವ ಬಟ್ಟೆಯನ್ನೂ ಅದು ಹಳದಿ ಮಾಡುತ್ತದೆ, ಆ ಹಳದಿ ಮತ್ತೆ ಹೋಗುವುದಿಲ್ಲ. ವಿನೆಗರ್ ಹಾಕಿ ನೆನೆಸಿದ ಅಂಗಿಗೆ ಅದನ್ನು ಸುರಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನೀವು ಈಗಾಗಲೇ ಯಾರದೋ ಮಾತು ಕೇಳಿ ವಿನೆಗರ್ ಹಾಕಿದ್ದರೆ, ಇದೊಂದನ್ನು ಮರೆಯಬೇಡಿ.

ಇನ್ನು ಸ್ಕರ್ಟು. ಕಾರ್ಖಾನೆಯಲ್ಲಿ ಪೂರ್ತಿಯಾಗದ ತೊಳೆತವನ್ನು ನೀವೇ ಪೂರ್ತಿ ಮಾಡಬೇಕು, ಇದಕ್ಕೆ ಬೇರೆ ಗುಟ್ಟಿಲ್ಲ. ಅದನ್ನು ಒಳಹೊರಗು ತಿರುಗಿಸಿ, ಒಂದನ್ನೇ, ಒಳಪಟ್ಟಿ ಅನುಮತಿಸುವ ಅತಿ ಹೆಚ್ಚಿನ ಬಿಸಿಯಲ್ಲಿ ಸಾಬೂನುಪುಡಿ ಹಾಕಿ ಒಗೆಯಿರಿ, ಹಿಂಡಿದ ಕೂಡಲೇ ಹರವಿ. ತಣ್ಣೀರಿನಲ್ಲಿ ಒಗೆದರೆ ಆ ದಿನಕ್ಕೆ ಬಣ್ಣ ಕಡಿಮೆ ಬಿಡುತ್ತದೆ ನಿಜ, ಆದರೆ ಸಡಿಲ ಬಣ್ಣ ಒಳಗೇ ಉಳಿದು ತಿಂಗಳುಗಟ್ಟಲೆ ಕಾಡುತ್ತದೆ. ಉಣ್ಣೆ ಬೆರೆತ ಬಟ್ಟೆಯಾದರೆ ಮಾತ್ರ ಬಿಸಿ ಬೇಡ, ಅದು ಕುಗ್ಗುತ್ತದೆ. ಬಣ್ಣ ಕಟ್ಟುವ ದ್ರವವೆಂದು ಮಾರುವುದನ್ನು ಕೊಂಡರೆ ತೊಳೆದಾದ ಮೇಲೆ ಸ್ಕರ್ಟಿಗೆ ಮಾತ್ರ ಬಳಸಿ. ಕಲೆಯಾದ ಅಂಗಿಗೆ ತಗಲಿದರೆ ಅದು ಕಲೆಯನ್ನೇ ಕಟ್ಟಿಬಿಡುತ್ತದೆ.

ಜಾಲಿಸಿದ ನೀರು ತಿಳಿಯಾಯಿತೆಂದು ನಂಬಿ ಮೋಸಹೋಗಬೇಡಿ. ನಮ್ಮ ಪರೀಕ್ಷಾ ಕೊಠಡಿಯಲ್ಲಿ ಬಣ್ಣದ ಬಟ್ಟೆಗೆ ಹತ್ತಿ, ಪಾಲಿಯೆಸ್ಟರ್, ನೈಲಾನ್, ಉಣ್ಣೆ ಮುಂತಾದ ಬಿಳಿ ಪಟ್ಟಿಗಳಿರುವ ತುಂಡೊಂದನ್ನು ಹೊಲಿದು ಒಗೆಯುತ್ತಿದ್ದೆವು. ಪಟ್ಟಿಗಳಿಗೆ ಹತ್ತಿದ ಬಣ್ಣ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಿದ್ದೆವು, 5 ಎಂದರೆ ಏನೂ ಹತ್ತಿಲ್ಲವೆಂದು. ಅದನ್ನೇ ಮನೆಯಲ್ಲಿ ಸರಳವಾಗಿ ಮಾಡಬಹುದು. ಹಳೆಯ ಬಿಳಿ ಅಂಗಿಯಿಂದ ಒಂದು ತುಂಡು ಕತ್ತರಿಸಿ, ಒದ್ದೆ ಮಾಡಿ, ಸ್ಕರ್ಟಿನ ಒಳಹೊಲಿಗೆಯ ಮೇಲಿಟ್ಟು, ಉಗುರುಬೆಚ್ಚಗಿನ ಇಸ್ತ್ರಿಯನ್ನು ಹತ್ತು ಸೆಕೆಂಡು ಒತ್ತಿ. ತುಂಡಿನ ಮೇಲೆ ನೀಲಿ ಮೂಡಿದರೆ ಇನ್ನೊಮ್ಮೆ ಬೇರೆಯಾಗಿ ಒಗೆಯಬೇಕು. ಪ್ರತಿ ಒಗೆತದ ನಂತರದ ತುಂಡನ್ನು ಎಸೆಯದೆ ಸಾಲಾಗಿ ಇಟ್ಟುಕೊಳ್ಳಿ, ಕಲೆ ತಿಳಿಯಾಗುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ.

ಮಗನ ಚಡ್ಡಿಗೆ ನಾಲ್ಕು ಒಗೆತ ಬೇಕಾಯಿತು. ಅಷ್ಟರಲ್ಲೇ ಒಂದು ದಿನ ಅವನು ಆಟವಾಡಿ ಬೆವರಿ ಬಂದಾಗ ಅಂಗಿಯ ಸೊಂಟದ ಭಾಗದಲ್ಲಿ ಮರೂನ್ ಸುತ್ತುಗೆರೆ ಮೂಡಿತ್ತು. ಬೆವರು ಕೂಡ ಸಡಿಲ ಬಣ್ಣವನ್ನು ಎಬ್ಬಿಸುತ್ತದೆ. ಆದ್ದರಿಂದ ತುಂಡು ಬೆಳ್ಳಗೆ ಬರುವವರೆಗೆ ಮಗಳಿಗೆ ಹಳೆಯ ಅಂಗಿಯನ್ನೇ ಹಾಕಿ ಕಳಿಸಿ. ಐದಾರು ಒಗೆತದ ನಂತರವೂ ತುಂಡುಗಳಲ್ಲಿ ನೀಲಿ ಕಡಿಮೆಯಾಗದಿದ್ದರೆ ತಪ್ಪು ನಿಮ್ಮ ಒಗೆತದ್ದಲ್ಲ, ಬಣ್ಣ ಹಾಕಿದವರದು. ಆಗ ಸ್ಕರ್ಟಿನ ಜೊತೆ ಆ ತುಂಡುಗಳ ಸಾಲನ್ನೂ ಕೊಂಡ ಅಂಗಡಿಯವರ ಮುಂದಿಟ್ಟು ಬದಲಿ ಕೇಳಿ.