ಅಡ್ವರ್ಸ್ ಬಂದರೆ ಗೀಟು ಎಳೆಯುವ ಹುಡುಗಿ

ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕಾಸ್ಟಿಂಗ್ ಪೇಪರ್‌ನಲ್ಲಿ ಎರಡು ಮೂರು ಸಲ ಫೇಲಾಗಿ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಒಂದು ಚಾಳಿ ಮತ್ತೆ ಮತ್ತೆ ಕಾಣುತ್ತದೆ. ಉತ್ತರ ಅಡ್ವರ್ಸ್, ಅಂದರೆ ನಷ್ಟದ ಕಡೆಗೆ, ಬಂತು ಅಂತಾದರೆ ಲೆಕ್ಕವೇ ತಪ್ಪಿದೆ ಅಂದುಕೊಂಡುಬಿಡುತ್ತಾರೆ. ಸರಿಯಾದ ಉತ್ತರದ ಮೇಲೆ ಗೀಟು ಎಳೆದು, ಫೇವರೆಬಲ್ ಬರುವ ತನಕ ತಿರುಗಿ ಮಾಡುತ್ತಾರೆ. ಅಂಥವರಲ್ಲಿ ಒಬ್ಬಳ ಕಥೆ ಇದು. ಹೆಸರು ಬದಲಿಸಿದ್ದೇನೆ, ಸವಿತಾ ಅನ್ನೋಣ.

ವಿಜಯಪುರ ಕಡೆಯ ಮನೆತನ, ಪುಣೆಗೆ ಬಂದು ನೆಲೆಸಿದವರು. ಅಪ್ಪ ಭೋಸರಿಯ ಒಂದು ಪ್ರೆಸ್ ಶಾಪ್‌ನಲ್ಲಿ ಸೂಪರ್‌ವೈಸರ್. ಹುಡುಗಿ ಕಾಸ್ಟ್ ಅಕೌಂಟೆಂಟ್ ಆಗಲು ಸಿಎಂಎ ಇಂಟರ್ ಓದುತ್ತಿದ್ದಳು. ಮನೆಯವರ ದೂರು ಏನಂದರೆ, ಪರೀಕ್ಷೆ ಹಾಲ್‌ನಲ್ಲಿ ಕೈ ನಡುಗುತ್ತದೆ, ಟೈಮ್ ಸಾಲುವುದಿಲ್ಲ. ಗುರುವಾರ ಅಲ್ಲಿ ಕಾರ್ಖಾನೆಗಳಿಗೆ ರಜೆ ಅಲ್ವಾ, ಹಾಗಾಗಿ ಅಪ್ಪನೇ ಜೊತೆಗೆ ಬರುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಸಲಹೆಗಾರರಿಗೆ ನಾನು ಮಾಡಿದ್ದು ಸರಿ ಕಾಣಲಿಲ್ಲ. ಹೆದರಿಕೆಗೆ ಉಸಿರಾಟ ಹೇಳಿಕೊಡಬೇಕಿತ್ತು, ನೀವು ಟ್ಯೂಷನ್ ಶುರು ಮಾಡಿದಿರಿ ಅಂದರು. ನಾನು ಒಪ್ಪಲಿಲ್ಲ. ಈ ಹುಡುಗಿ ಬೇರೆ ಪೇಪರ್‌ಗಳಲ್ಲಿ ನಡುಗುತ್ತಿರಲಿಲ್ಲ. ಕಾಸ್ಟಿಂಗ್‌ನಲ್ಲೂ ಎಲ್ಲ ಕಡೆ ನಡುಗುತ್ತಿರಲಿಲ್ಲ. ಎಲ್ಲಿ ನಡುಗುತ್ತಾಳೆ ಅನ್ನುವುದು ಅವಳ ಉತ್ತರದ ಹಾಳೆಯಲ್ಲೇ ಇತ್ತು. ಅದನ್ನು ಬಿಟ್ಟು ಉಸಿರು ಎಣಿಸುತ್ತಾ ಕೂರುವುದು ನನಗೆ ಆಗದ ಮಾತು.

ಒಂದು ಹಳೆಯ ಲೆಕ್ಕವನ್ನು ನನ್ನೆದುರೇ ಮಾಡು ಅಂದೆ. ಬಜೆಟ್ 1,000 ನಗ. ತಯಾರಾದದ್ದು 900. ಸ್ಟ್ಯಾಂಡರ್ಡ್ ಪ್ರಕಾರ ಒಂದು ನಗಕ್ಕೆ 2 ಕಿಲೋ ಮಾಲು, ಕಿಲೋಗೆ ₹50. ನಿಜವಾಗಿ ಕೊಂಡು ಬಳಸಿದ್ದು 1,980 ಕಿಲೋ, ಕಿಲೋಗೆ ₹46ರಂತೆ.

ಪ್ರೈಸ್ ವೇರಿಯನ್ಸ್, ಅಂದರೆ ದರದಿಂದ ಬಂದ ವ್ಯತ್ಯಾಸ, ಸರಾಗ ಬಂತು. ಕಿಲೋಗೆ ₹4 ಉಳಿತಾಯ, 1,980 ಕಿಲೋಗೆ ₹7,920 ಫೇವರೆಬಲ್. ಆಮೇಲೆ ಯೂಸೇಜ್, ಅಂದರೆ ಬಳಕೆಯ ವ್ಯತ್ಯಾಸ. 900 ನಗಕ್ಕೆ 1,800 ಕಿಲೋ ಸಾಕಿತ್ತು, 180 ಕಿಲೋ ಜಾಸ್ತಿ ಹೋಗಿದೆ. ₹50ರಂತೆ ₹9,000 ಅಡ್ವರ್ಸ್ ಅಂತ ಬರೆದಳು. ಪೆನ್ನು ನಿಂತಿತು. ಪ್ರಶ್ನೆಯನ್ನು ಮತ್ತೆ ಓದಿದಳು. ₹9,000ದ ಮೇಲೆ ಗೀಟು ಎಳೆದಳು. 1,800ರ ಜಾಗದಲ್ಲಿ 2,000 ಹಾಕಿದಳು. ಬಜೆಟ್‌ನ 1,000 ನಗಕ್ಕೆ 2,000 ಕಿಲೋ, ಬಳಸಿದ್ದು 1,980, ಹಾಗಾಗಿ ₹1,000 ಫೇವರೆಬಲ್. ಮುಖ ಸಡಿಲಾಯಿತು. ತಾಳೆ ಬೇರೆ ನೋಡಿದಳು. ಬಜೆಟ್ ಖರ್ಚು ₹1,00,000, ನಿಜವಾದ ಖರ್ಚು ₹91,080, ವ್ಯತ್ಯಾಸ ₹8,920. ಇತ್ತ 7,920ಕ್ಕೆ 1,000 ಕೂಡಿದರೂ ₹8,920.

ಈ ತಾಳೆಯೇ ಇಲ್ಲಿ ಮೋಸ ಮಾಡುವುದು. ಪ್ರೈಸ್, ಯೂಸೇಜ್ ಎರಡೂ ಕೂಡಿ ಒಟ್ಟಿಗೆ ಸರಿಹೋದರೆ ಕೂಡು-ಕಳೆಯುವಿಕೆ ಸರಿ ಇದೆ ಅಂತ ಅಷ್ಟೇ ಗೊತ್ತಾಗುತ್ತದೆ. ಎರಡೂ ಕಡೆ 1,000 ನಗವನ್ನೇ ಹಿಡಿದಿದ್ದರೆ ತಪ್ಪೂ ತಪ್ಪೂ ಚೆನ್ನಾಗಿ ತಾಳೆಯಾಗುತ್ತವೆ. 900 ನಗಕ್ಕೆ ಆಗಬೇಕಿದ್ದ ಖರ್ಚು ₹90,000. ಆಗಿದ್ದು ₹91,080. ಒಟ್ಟು ₹1,080 ಅಡ್ವರ್ಸ್. ಕಡಿಮೆ ನಗ ಮಾಡಿ ಕಡಿಮೆ ಮಾಲು ಬಳಸಿದರೆ ಅದನ್ನು ಉಳಿತಾಯ ಅನ್ನಲಿಕ್ಕಾಗುತ್ತದಾ?

ಇದನ್ನೆಲ್ಲ ಹೇಳುವ ಮೊದಲು ನಾನು ಒಂದೇ ಪ್ರಶ್ನೆ ಕೇಳಿದೆ. "ಮೊದಲು ಬರೆದದ್ದನ್ನ ಯಾಕೆ ಹೊಡೆದು ಹಾಕಿದೆ?"

ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೆಳಗ ಕಾರಣ ಬರೀರಿ ಅಂತ ಕೇಳ್ಯಾರಲ್ರೀ ಮೇಡಂ. ಯೂಸೇಜ್ ಅಡ್ವರ್ಸ್ ಅಂದ್ರ ಕೆಲಸಗಾರರು ಅಜಾಗರೂಕರು ಅಂತ ಗೈಡ್‌ನಾಗ ಐತಿ. ಅದನ್ನ ಬರಿಯಾಕ ಕೈ ಬರಂಗಿಲ್ಲ" ಅಂದಳು.

ಹೊರಗೆ ಕೂತಿದ್ದ ಅಪ್ಪನನ್ನು ಒಳಗೆ ಕರೆದೆ. ಲೆಕ್ಕ ತೋರಿಸಲಿಲ್ಲ. ಮಾಲು ಕಿಲೋಗೆ ನಾಲ್ಕು ರೂಪಾಯಿ ಅಗ್ಗಕ್ಕೆ ಬಂದಿದೆ, ಬಳಕೆ ನೂರಕ್ಕೆ ಹತ್ತು ಜಾಸ್ತಿ ಆಗಿದೆ, ಏನಾಗಿರಬಹುದು ಅಂತ ಕೇಳಿದೆ. ಅವರು ಯೋಚನೆಯನ್ನೇ ಮಾಡಲಿಲ್ಲ. "ಶೀಟ್ ಹಲ್ಕಾ ತಂದಿರ್ತಾರ್ರೀ. ದಪ್ಪ ಒಂದ ಸಮ ಇರಂಗಿಲ್ಲ, ಪ್ರೆಸ್‌ನಾಗ ಬಿರುಕು ಬಿಡ್ತದ. ಸ್ಕ್ರ್ಯಾಪ್ ನಮ್ಮ ಲೆಕ್ಕಕ್ಕ, ಶಾಭಾಸ್‌ಕಿ ಪರ್ಚೇಸ್‌ನವರಿಗೆ."

ಸವಿತಾ ಅಪ್ಪನ ಮುಖ ನೋಡಿದಳು, ಹಾಳೆ ನೋಡಿದಳು. "ಹಂಗಾರ ಈ 7,920, 9,000 ಎರಡೂ ಒಂದ ಖರೀದಿಯಿಂದ ಬಂದಾವ?"

ಬಂದಿರಬಹುದು ಅಂದೆ. ಆ 'ಬಹುದು' ಬಿಡಬೇಡ ಅಂತಲೂ ಹೇಳಿದೆ. ವೇರಿಯನ್ಸ್ ಎಷ್ಟು, ಎಲ್ಲಿ ಅನ್ನುವುದನ್ನು ಹೇಳುತ್ತದೆ, ಯಾಕೆ ಅನ್ನುವುದನ್ನು ಹೇಳುವುದಿಲ್ಲ. ಅಗ್ಗದ ಮಾಲು ಇರಬಹುದು, ಹೊಸ ಕೆಲಸಗಾರರಿರಬಹುದು, 2 ಕಿಲೋ ಅನ್ನುವ ಸ್ಟ್ಯಾಂಡರ್ಡೇ ಹಳೆಯದಿರಬಹುದು. ಪ್ರಶ್ನೆಯಲ್ಲಿ ಸುಳಿವು ಇದ್ದರೆ ಅದನ್ನು ಹಿಡಿ. ಇಲ್ಲದಿದ್ದರೆ ಎರಡು ವೇರಿಯನ್ಸ್ ಜೋಡಿಸಿ ನೋಡು. ₹7,920 ಉಳಿಸಲು ಹೋಗಿ ₹9,000 ಕಳೆದಿರುವ ಸಾಧ್ಯತೆ ಇದೆ ಅಂತ ಬರಿ. 'ಕೆಲಸಗಾರರ ಅಜಾಗರೂಕತೆ' ಅಂತ ಬಾಯಿಪಾಠ ಒಪ್ಪಿಸಿದ ಉತ್ತರಕ್ಕಿಂತ ಇದು ಗಟ್ಟಿ.

ಕೂಲಿಯ ಭಾಗಕ್ಕೂ ಇದೇ ದಾರಿ. ನಗಕ್ಕೆ 3 ಗಂಟೆಯಂತೆ 900ಕ್ಕೆ 2,700 ಗಂಟೆ, ಗಂಟೆಗೆ ₹80. ಸಂಬಳ ಕೊಟ್ಟದ್ದು ಅದೇ ದರದಲ್ಲಿ 2,970 ಗಂಟೆಗೆ. ಅದರಲ್ಲಿ 120 ಗಂಟೆ ಕರೆಂಟ್ ಇರಲಿಲ್ಲ ಅಂತ ಪ್ರಶ್ನೆಯಲ್ಲೇ ಇತ್ತು. ಹಿಂದೆ ಅವಳು 270 ಗಂಟೆಯನ್ನೂ ಎಫಿಶಿಯೆನ್ಸಿಗೆ, ಅಂದರೆ ಕೆಲಸದ ವೇಗದ ವ್ಯತ್ಯಾಸಕ್ಕೆ, ಸುರಿದು ₹21,600 ಅಡ್ವರ್ಸ್ ಮಾಡಿ, ಹೆದರಿ, ಮತ್ತೆ ಗೀಟು ಎಳೆದಿದ್ದಳು. ಐಡಲ್ ಟೈಮ್ ₹9,600 ಮೊದಲೇ ಬೇರೆ ತೆಗೆದಿಟ್ಟರೆ ಕೆಲಸ ನಿಧಾನವಾದದ್ದಕ್ಕೆ ಅಂತ ಉಳಿಯುವುದು 150 ಗಂಟೆ, ₹12,000. ಆ 150ರಲ್ಲೂ ಒಡೆದ ನಗ ತಿರುಗಿ ಮಾಡಿದ ಹೊತ್ತು ಸೇರಿರಬಹುದು, ಅಂದರೆ ಮತ್ತೆ ಅದೇ ಶೀಟ್.

ನಾನು ಕೊಟ್ಟ ಸಲಹೆ ಇಷ್ಟು. ಉತ್ತರ ಶುರು ಮಾಡುವ ಮೊದಲು ಹಾಳೆಯ ಮೇಲ್ತುದಿಯಲ್ಲಿ '900 ನಗಕ್ಕೆ: 1,800 ಕಿಲೋ, 2,700 ಗಂಟೆ' ಅಂತ ಬರೆದು ಸುತ್ತ ಚೌಕ ಹಾಕು. ಚೌಕದಲ್ಲಿ ಇಲ್ಲದ ಸ್ಟ್ಯಾಂಡರ್ಡ್ ಅಂಕಿ ಯೂಸೇಜ್‌ಗೂ ಎಫಿಶಿಯೆನ್ಸಿಗೂ ಬರಕೂಡದು. ಗೀಟು ಎಳೆಯಬೇಕು ಅನ್ನಿಸಿದರೆ ತಪ್ಪಿದ ಅಂಕಿ ಯಾವುದು ಅಂತ ಬೆರಳಿಟ್ಟು ತೋರಿಸು. ತೋರಿಸಲಾಗದಿದ್ದರೆ ಗೀಟು ಬೇಡ, ಮುಂದಕ್ಕೆ ಹೋಗು.

ಓವರ್‌ಹೆಡ್ ಮುಂದಿನ ಗುರುವಾರಕ್ಕೆ ಉಳಿಯಿತು. ಆ ಸಲ ಅಪ್ಪನೂ ಒಳಗೇ ಕೂತರು. ಬಾಡಿಗೆಯಂಥ ಸ್ಥಿರ ಖರ್ಚಿನ ಬಜೆಟ್ ₹1,20,000, ನಗಕ್ಕೆ ₹120. ನಿಜವಾದ ಖರ್ಚು ₹1,18,000. 900 ನಗದ ಮೇಲೆ ಹೊರಿಸಿದ್ದು ₹1,08,000. ಒಟ್ಟು ₹10,000 ಅಡ್ವರ್ಸ್. ಸವಿತಾ ಗೀಟು ಎಳೆಯಲಿಲ್ಲ, ಒಡೆದು ನೋಡಿದಳು. ಖರ್ಚಿನಲ್ಲಿ ₹2,000 ಫೇವರೆಬಲ್, ವಾಲ್ಯೂಮ್‌ನಲ್ಲಿ ₹12,000 ಅಡ್ವರ್ಸ್.

"ಇದ್ರಾಗ ಯಾರೂ ಜಾಸ್ತಿ ಖರ್ಚ ಮಾಡಿಲ್ಲಪ್ಪ" ಅಂತ ಅಪ್ಪನಿಗೆ ಹೇಳಿದಳು. "100 ನಗ ಕಮ್ಮಿ ಆದ್ವು, ಅವು ಹೊರಬೇಕಾಗಿದ್ದ ಬಾಡಿಗಿ ಹಂಗ ಉಳೀತು."

"ಕಮ್ಮಿ ಯಾಕ ಆದ್ವು? ಆರ್ಡರ್ ಇರಲಿಲ್ಲೋ, ಕರೆಂಟ್ ಹೋಗಿತ್ತೋ?" ಅಂದರು ಅವರು.

ಕರೆಂಟ್ ಹೋದ 120 ಗಂಟೆಯ ಸಾಲನ್ನು ಅವಳು ಪ್ರಶ್ನೆಯಲ್ಲಿ ಹುಡುಕಿ, ಅಡಿಗೆರೆ ಹಾಕಿದಳು.