ಸೆಲ್ಫಿಯಲ್ಲಿ ಮಾತ್ರ ಮುಖ ಸೊಟ್ಟ ಯಾಕೆ?

ಪ್ರಶ್ನೆ: ಕಾರವಾರದ ಟಾಗೋರ್ ಬೀಚಿನಲ್ಲಿ ತೆಗೆದ ಸೆಲ್ಫಿಯಲ್ಲಿ ನನ್ನ ಒಂದು ಕೆನ್ನೆ ದಪ್ಪ, ಬಾಯಿ ಸೊಟ್ಟ. ಕನ್ನಡಿಯಲ್ಲಿ ಹೀಗಿಲ್ಲ. ಏನಾದ್ರೂ ತೊಂದರೆನಾ?

ಉತ್ತರ: ಒಂದು ಹುಬ್ಬು ಸ್ವಲ್ಪ ಮೇಲೆ, ಒಂದು ಕಣ್ಣು ಕೊಂಚ ಚಿಕ್ಕದು ಇರುವುದು ಮಾಮೂಲಿ. ಅದನ್ನು ಜಾಸ್ತಿ ಮಾಡುವುದು ಕ್ಯಾಮೆರಾದ ದೂರ. ಫೋನ್ 30 ಸೆಂ.ಮೀ. ದೂರದಲ್ಲಿದೆ, ತಲೆ ತುಸು ತಿರುಗಿ ಒಂದು ಕೆನ್ನೆ ಇನ್ನೊಂದಕ್ಕಿಂತ 3 ಸೆಂ.ಮೀ. ಹತ್ತಿರ ಬಂದಿದೆ ಅಂದುಕೊಳ್ಳಿ. ಆಗ ಅದು ಸುಮಾರು 10% ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರ್ ದೂರದಿಂದ ತೆಗೆದರೆ ಬರೀ 2%, ಕಣ್ಣಿಗೇ ಬೀಳಲ್ಲ.

ಸಂಜೆ ಬಿಸಿಲು ಕಡಲ ಕಡೆಯಿಂದ ಬಿದ್ದು ಅರ್ಧ ಮುಖ ನೆರಳಾದರಂತೂ ಕೇಳಲೇಬೇಡಿ. ಬಾಯಿಯದ್ದು ನಗುವಿನ ಆಟ: ಬಹಳ ಜನಕ್ಕೆ ತುಟಿಯ ಒಂದು ತುದಿ ಜಾಸ್ತಿ ಮೇಲೇಳುತ್ತದೆ, ಫೋಟೋ ಅದನ್ನೇ ಹಿಡಿದಿಡುತ್ತದೆ. ಕನ್ನಡಿಯಲ್ಲಿ ಕಂಡು ರೂಢಿಯಾದ ಎಡ-ಬಲವೂ ಅದರಲ್ಲಿ ಅದಲುಬದಲು, ಅಲ್ವಾ?

ಬೇರೆಯವರ ಕೈಗೆ ಫೋನ್ ಕೊಡಿ. ಎರಡು ಮೀಟರ್ ದೂರ, ಕಣ್ಣಿನ ಎತ್ತರ, ನಗದೆ ನೇರ ನೋಟ. ಸೊಟ್ಟ ಬಹುಪಾಲು ಹೋಗುತ್ತದೆ.

ಆದರೆ ಒಂದು ಬದಿ ದಿಢೀರ್ ಜೋತುಬಿದ್ದರೆ, ಕಣ್ಣು ಮುಚ್ಚಲಾಗದಿದ್ದರೆ, ಮಾತು ತೊದಲಿದರೆ ಫೋಟೋ ತೆಗೆಯುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.